ಪ್ರೈವೇಟ್ ವಿಂಡೋದಲ್ಲಿ ಬಟನ್ ಸರಿ, ಮಾಮೂಲಿ ವಿಂಡೋದಲ್ಲಿ ಸತ್ತಿದೆ: ಯಾವ ಎಕ್ಸ್‌ಟೆನ್ಷನ್ ಕೆಲಸ ಇದು?

ಪ್ರಶ್ನೆ: ಸರ್, ಮೊಮ್ಮಗನ ನಾಮಕರಣಕ್ಕೆ ಒಂದು ಮಿನಿ ಹಾಲ್ ಬುಕ್ ಮಾಡಬೇಕು. ಅವರ ಸೈಟಿನಲ್ಲಿ ದಿನ ಆರಿಸಿ ‘Proceed’ ಒತ್ತಿದರೆ ಏನೂ ಆಗಲ್ಲ. ಬಲಗಡೆ ದರಪಟ್ಟಿ ಇರಬೇಕಂತೆ, ಅಲ್ಲಿ ಬರೀ ಬಿಳಿ ಜಾಗ. ಪ್ರೈವೇಟ್ ವಿಂಡೋದಲ್ಲಿ ತೆರೆದರೆ ಎಲ್ಲ ಸರಿಯಾಗಿದೆ. ಮಗ ನೋಡಿ ‘ಆಡ್ ಬ್ಲಾಕರ್ ಕೆಲಸ’ ಅಂದ. ಅದನ್ನು ಆಫ್ ಮಾಡಿದೆ, ಆದರೂ ಹಾಗೇ ಇದೆ. ಹಾಗಾದರೆ ತಪ್ಪು ಎಕ್ಸ್‌ಟೆನ್ಷನ್‌ದು ಅಲ್ವಾ? ಲ್ಯಾಪ್‌ಟಾಪಿನಲ್ಲಿ ಕ್ರೋಮ್ ಇದೆ, ಎಂಟು ಎಕ್ಸ್‌ಟೆನ್ಷನ್ ಇವೆ. (ಓದುಗರು, ಗಿರಿನಗರ, ಬೆಂಗಳೂರು)

ಉತ್ತರ: ಮೊದಲು ಹಾಲ್ ಕೆಲಸ ಮುಗಿಸಿಕೊಳ್ಳಿ. ಒಳ್ಳೆ ದಿನಗಳು ಬೇಗ ಹೋಗಿಬಿಡುತ್ತವೆ. ಪ್ರೈವೇಟ್ ವಿಂಡೋದಲ್ಲಿ ಸೈಟ್ ಸರಿಯಾಗಿ ನಡೆಯುತ್ತಿದೆ ಅಂದಮೇಲೆ ಅಲ್ಲೇ ಬುಕ್ ಮಾಡಿ. ಆ ವಿಂಡೋದಲ್ಲಿ ಹಣ ಕಟ್ಟುವುದರಲ್ಲಿ ಅಪಾಯವಿಲ್ಲ, ಪೇಮೆಂಟ್ ಅಲ್ಲೇ ನಿಂತುಬಿಟ್ಟರೆ ಏನು ಮಾಡಬೇಕು ಅಂತ ಕೊನೆಯಲ್ಲಿ ಹೇಳಿದ್ದೇನೆ. ಮಾಡುವ ಮುಂಚೆ ನಿಮ್ಮ ಎಸ್ಸೆಮ್ಮೆಸ್, ಇಮೇಲ್ ಒಮ್ಮೆ ನೋಡಿ. ಸತ್ತಂತೆ ಕಾಣುವ ಬಟನ್ ಕೆಲವು ಸಲ ಒಳಗೊಳಗೇ ಬುಕಿಂಗ್ ಕಳಿಸಿಬಿಟ್ಟಿರುತ್ತದೆ, ಮುಂದಿನ ಪುಟ ಮಾತ್ರ ತೆರೆದಿರುವುದಿಲ್ಲ. ಒಂದೇ ಹಾಲಿಗೆ ಎರಡು ಸಲ ಅಡ್ವಾನ್ಸ್ ಕಟ್ಟುವುದು ಬೇಡ.

ಈಗ ನಿಮ್ಮ ಮಗನ ಮಾತಿಗೆ ಬರುತ್ತೇನೆ. ಅವರ ಅನುಮಾನ ಸರಿಯೇ ಇರಬಹುದು. ಆದರೆ ಒಂದನ್ನು ಆಫ್ ಮಾಡಿದಾಗ ಸರಿಹೋಗಲಿಲ್ಲ ಅಂತ ಉಳಿದ ಏಳನ್ನೂ ಬಿಟ್ಟುಬಿಡಲು ಆಗುವುದಿಲ್ಲ. ಆಫ್ ಮಾಡಿದ ಆ ಒಂದನ್ನೂ ಬಿಡಲು ಆಗುವುದಿಲ್ಲ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕಿಂತ ಮುಂಚೆ ಆ ಪ್ರೈವೇಟ್ ವಿಂಡೋ ನಿಮಗೆ ನಿಜವಾಗಿ ಏನು ಹೇಳಿತು ಅನ್ನುವುದನ್ನು ನೋಡೋಣ. ಜನ ಜಾಸ್ತಿ ಎಡವುವುದು ಇಲ್ಲೇ.

ಕ್ರೋಮ್ ‘Incognito’ ಅಂತ ಕರೆಯುವ ಪ್ರೈವೇಟ್ ವಿಂಡೋವನ್ನು Ctrl+Shift+N ಒತ್ತಿ ತೆರೆದಾಗ ಎರಡು ವಿಷಯ ಒಟ್ಟಿಗೆ ಬದಲಾಗುತ್ತವೆ. ಒಂದು, ನೀವಾಗಿ ಅನುಮತಿ ಕೊಟ್ಟಿರದಿದ್ದರೆ ಎಕ್ಸ್‌ಟೆನ್ಷನ್‌ಗಳು ಅಲ್ಲಿ ಓಡುವುದಿಲ್ಲ. ಎರಡು, ಆ ಸೈಟ್ ನಿಮ್ಮ ಬ್ರೌಸರಿನಲ್ಲಿ ಇಟ್ಟಿರುವ ಕುಕಿ, ಲಾಗಿನ್, ಅರ್ಧ ತುಂಬಿದ ಫಾರ್ಮಿನ ನೆನಪು, ಮುಂಚೆ ಇಳಿಸಿಟ್ಟುಕೊಂಡ ಹಳೆಯ ಫೈಲುಗಳ ಕ್ಯಾಶ್, ಯಾವುದೂ ಅಲ್ಲಿಗೆ ಬರುವುದಿಲ್ಲ. ಸೈಟಿನ ಪಾಲಿಗೆ ನೀವು ಆಗ ತಾನೆ ಬಾಗಿಲು ತಟ್ಟಿದ ಹೊಸಬರು. ಆದ್ದರಿಂದ ಪ್ರೈವೇಟ್ ವಿಂಡೋದಲ್ಲಿ ಬಟನ್ ನಡೆದರೆ ತಪ್ಪು ಎಕ್ಸ್‌ಟೆನ್ಷನ್‌ದೂ ಆಗಿರಬಹುದು, ಹಳೆಯ ಕುಕಿಯದೂ ಆಗಿರಬಹುದು. ಹೋದ ವಾರ ಆರಿಸಿ ಬಿಟ್ಟ ಒಂದು ದಿನ ಸೈಟಿನ ನೆನಪಿನಲ್ಲಿ ಕೂತಿದ್ದು, ಆ ದಿನ ಈಗ ಖಾಲಿ ಇಲ್ಲದೆ ‘Proceed’ ಮುಂದೆ ಹೋಗದಿರುವುದೂ ಉಂಟು. ಜ್ವರಕ್ಕೆ ಎರಡು ಮಾತ್ರೆ ಒಟ್ಟಿಗೆ ನುಂಗಿದ ಹಾಗೆ ಇದು. ಜ್ವರ ಇಳಿಯಿತು ನಿಜ, ಇಳಿಸಿದ್ದು ಯಾವುದು ಅಂತ ಗೊತ್ತಾಗಲಿಲ್ಲ.

ಹಾಗಾಗಿ ಈಗ ಮಾಡಬೇಕಾದ್ದು ಎರಡರಲ್ಲಿ ಒಂದನ್ನು ಮಾತ್ರ ಬದಲಾಯಿಸಿ ನೋಡುವುದು. ಮಾಮೂಲಿ ವಿಂಡೋಗೇ ಬನ್ನಿ. ವಿಳಾಸದ ಪಟ್ಟಿಯಲ್ಲಿ ಇದನ್ನು ಟೈಪ್ ಮಾಡಿ:

```
chrome://extensions
```

ಎಂಟೂ ಎಕ್ಸ್‌ಟೆನ್ಷನ್‌ಗಳ ಸ್ವಿಚ್ ಕಾಣುತ್ತದೆ. ‘Remove’ ಒತ್ತಬೇಡಿ, ಸ್ವಿಚ್ ಮಾತ್ರ ಆಫ್ ಮಾಡಿ. Remove ಮಾಡಿದರೆ ಒಳಗಿನ ಸೆಟ್ಟಿಂಗ್‌ಗಳೂ ಹೋಗುತ್ತವೆ, ಆಮೇಲೆ ಮತ್ತೆ ಮೊದಲಿನಿಂದ ಜೋಡಿಸುತ್ತಾ ಕೂರಬೇಕು. ಎಂಟನ್ನೂ ಆಫ್ ಮಾಡಿದ ಮೇಲೆ ಹಾಲ್ ಸೈಟಿನ ಟ್ಯಾಬಿಗೆ ಹೋಗಿ ಪುಟವನ್ನು ರೀಲೋಡ್ ಮಾಡಿ. ಈಗ ಕುಕಿ ಹಳೆಯದೇ, ಲಾಗಿನ್ ಹಳೆಯದೇ, ಎಕ್ಸ್‌ಟೆನ್ಷನ್ ಮಾತ್ರ ಇಲ್ಲ. ಬಟನ್ ನಡೆದರೆ ತಪ್ಪು ಎಕ್ಸ್‌ಟೆನ್ಷನ್‌ನದು, ಇನ್ನು ಅನುಮಾನ ಬೇಡ. ನಡೆಯದಿದ್ದರೆ ಎಂಟನ್ನೂ ಮತ್ತೆ ಆನ್ ಮಾಡಿ, ಅವುಗಳ ತಂಟೆಗೆ ಹೋಗಬೇಡಿ. ವಿಳಾಸದ ಎಡಕ್ಕಿರುವ ಚಿಕ್ಕ ಗುರುತನ್ನು ಒತ್ತಿ ‘Cookies and site data’ಗೆ ಹೋಗಿ, ಆ ಒಂದು ಸೈಟಿನ ದಾಖಲೆ ಅಳಿಸಿ, ಹೊಸದಾಗಿ ಲಾಗಿನ್ ಆಗಿ. ಇಡೀ ಬ್ರೌಸರಿನ ಕುಕಿ ಅಳಿಸುವ ಅಗತ್ಯ ಇಲ್ಲ. ಹಾಗೆ ಮಾಡಿದರೆ ಎಲ್ಲ ಸೈಟಿನಿಂದಲೂ ಲಾಗೌಟ್ ಆಗಿ, ದಿನವಿಡೀ ಓಟಿಪಿಗೆ ಕಾಯುವುದೇ ಕೆಲಸವಾಗುತ್ತದೆ.

ರೀಲೋಡ್ ಅಂದೆನಲ್ಲ, ಅದನ್ನು ಸುಮ್ನೆ ಹೇಳಿದ್ದಲ್ಲ. ನೀವು ಆಡ್ ಬ್ಲಾಕರ್ ಆಫ್ ಮಾಡಿದ ಮೇಲೆ ಪುಟವನ್ನು ರೀಲೋಡ್ ಮಾಡಿದಿರಾ? ಪತ್ರದಲ್ಲಿ ಬರೆದಿಲ್ಲ. ಪುಟ ತೆರೆಯುವಾಗಲೇ ಬ್ಲಾಕರ್ ಕೆಲವು ಫೈಲುಗಳನ್ನು ಬಾಗಿಲಲ್ಲೇ ತಡೆದಿರುತ್ತದೆ. ಆಮೇಲೆ ಕಾವಲುಗಾರನನ್ನು ಮನೆಗೆ ಕಳಿಸಿದರೂ ವಾಪಸ್ ಹೋದ ಫೈಲು ತಾನಾಗಿ ಬರುವುದಿಲ್ಲ. ಎಕ್ಸ್‌ಟೆನ್ಷನ್ ಪುಟದೊಳಗೆ ಈಗಾಗಲೇ ಸೇರಿಸಿದ, ತಿದ್ದಿದ ತುಂಡುಗಳೂ ಹಾಗೇ ಉಳಿಯಬಹುದು. ಆಫ್ ಮಾಡಿ ಅದೇ ಪುಟದಲ್ಲಿ ಮತ್ತೆ ಬಟನ್ ಒತ್ತಿದ್ದರೆ ನೀವು ಪರೀಕ್ಷೆ ಮಾಡಿಯೇ ಇಲ್ಲ ಅಂತ ಲೆಕ್ಕ. ಪ್ರತಿ ಸಲವೂ ರೀಲೋಡ್ ಆಗಬೇಕು. Ctrl+Shift+R ಒತ್ತಿದರೆ ಕ್ಯಾಶ್ ಬಿಟ್ಟು ಹೊಸದಾಗಿ ತರುತ್ತದೆ, ಅದನ್ನೇ ಅಭ್ಯಾಸ ಮಾಡಿಕೊಳ್ಳಿ.

ರೀಲೋಡ್ ಮಾಡಿಯೂ ಹಾಗೇ ಇತ್ತು ಅಂತಾದರೆ ನಮ್ಮಕ್ಕನ ಮನೆಯ ಕಥೆ ಕೇಳಿ. ನಿಮ್ಮದು ಬಹುಪಾಲು ಅದೇ ಇರಬೇಕು ಅಂತ ನನ್ನ ಊಹೆ.

ಅಕ್ಕ ಇರುವುದು ವಿಜಯನಗರದಲ್ಲಿ. ಭಾವನಿಗೆ ಸಕ್ಕರೆ ಪರೀಕ್ಷೆಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ಲ್ಯಾಬಿನ ಸೈಟಿನಲ್ಲಿ ಬುಕ್ ಮಾಡುತ್ತಿದ್ದರು. ಬೆಳಿಗ್ಗೆ ಏಳರ ಸ್ಲಾಟ್ ಆರಿಸಿ ಬಟನ್ ಒತ್ತಿದರೆ ನಿಮ್ಮ ಹಾಗೆಯೇ ಮೌನ. ನಾನು ಭಾನುವಾರ ತಿಂಡಿಗೆ ಹೋಗಿದ್ದವನು ಸಿಕ್ಕಿಬಿದ್ದೆ. ಪ್ರೈವೇಟ್ ವಿಂಡೋದಲ್ಲಿ ನಡೆಯಿತು. ಮಾಮೂಲಿ ವಿಂಡೋದಲ್ಲಿ ಎಲ್ಲ ಎಕ್ಸ್‌ಟೆನ್ಷನ್ ಆಫ್ ಮಾಡಿ ರೀಲೋಡ್ ಮಾಡಿದಾಗಲೂ ನಡೆಯಿತು. ಅಂದರೆ ಎಕ್ಸ್‌ಟೆನ್ಷನ್‌ದೇ ಕೆಲಸ. ಅಲ್ಲಿ ಇದ್ದದ್ದು ಆರು: ಆಡ್ ಬ್ಲಾಕರ್, ಕನ್ನಡ ಟೈಪಿಂಗ್, ಪಿಡಿಎಫ್ ತೆರೆಯುವುದು, ವಿಡಿಯೋ ನಡುವಿನ ಜಾಹೀರಾತು ತೆಗೆಯುವುದು, ಡಾರ್ಕ್ ಮೋಡ್, ಕೂಪನ್ ಹುಡುಕುವುದು.

ಇಂಥ ಕಡೆ ನಾವು ಮಾಡುವುದು ಅರ್ಧರ್ಧ ಮಾಡುವ ಲೆಕ್ಕ. ಅರ್ಧ ಎಕ್ಸ್‌ಟೆನ್ಷನ್ ಆಫ್ ಮಾಡಿ ರೀಲೋಡ್ ಮಾಡುವುದು. ಸರಿಹೋದರೆ ಕಳ್ಳ ಆಫ್ ಆದ ಗುಂಪಿನಲ್ಲಿದ್ದಾನೆ, ಇಲ್ಲದಿದ್ದರೆ ಆನ್ ಇರುವ ಗುಂಪಿನಲ್ಲಿ. ಆ ಗುಂಪನ್ನು ಮತ್ತೆ ಅರ್ಧ ಮಾಡುವುದು. ನಿಮ್ಮ ಎಂಟಕ್ಕೆ ನಾಲ್ಕು, ಎರಡು, ಒಂದು ಅಂತ ಮೂರೇ ಸುತ್ತಿನಲ್ಲಿ ಮುಗಿಯುತ್ತದೆ. ಒಂದೊಂದನ್ನೇ ಆಫ್ ಮಾಡುತ್ತಾ ಹೋದರೆ ದುರದೃಷ್ಟ ಇದ್ದರೆ ಎಂಟು ಸುತ್ತು.

ನಾನು ಮೊದಲ ಮೂರನ್ನು ಆಫ್ ಮಾಡಿದೆ. ರೀಲೋಡ್. ಬಟನ್ ಸತ್ತೇ ಇತ್ತು. ಸರಿ, ಕಳ್ಳ ಉಳಿದ ಮೂರರಲ್ಲಿದ್ದಾನೆ ಅಂದುಕೊಂಡು ಅವನ್ನು ಆಫ್ ಮಾಡಿದೆ, ಮೊದಲಿನ ಮೂರನ್ನು ಆನ್ ಮಾಡಿದೆ. ರೀಲೋಡ್. ಆಗಲೂ ಸತ್ತೇ ಇತ್ತು! ಆರೂ ಆಫ್ ಆದಾಗ ನಡೆಯುತ್ತದೆ, ಆ ಮೂರು ಆಫ್ ಆದರೂ ಈ ಮೂರು ಆಫ್ ಆದರೂ ನಡೆಯುವುದಿಲ್ಲ. ಅಕ್ಕ ‘ಇದಕ್ಕೆ ದೃಷ್ಟಿ ಆಗಿದೆ ಕಣೋ’ ಅಂದರು.

ದೃಷ್ಟಿ ಅಲ್ಲ, ಕಳ್ಳರು ಇಬ್ಬರು. ಎರಡು ಅರ್ಧವೂ ಕೆಟ್ಟಿದೆ ಅಂತ ಬಂದರೆ ಅದರ ಅರ್ಥ ಬಹುಮಟ್ಟಿಗೆ ಇಷ್ಟೇ: ಒಂದೊಂದು ಗುಂಪಿನಲ್ಲೂ ಒಂದೊಂದು ಎಕ್ಸ್‌ಟೆನ್ಷನ್ ಅದೇ ತಪ್ಪನ್ನು ಮಾಡುತ್ತಿದೆ. ಅರ್ಧರ್ಧ ಮಾಡುವ ಲೆಕ್ಕ ಒಬ್ಬನೇ ಕಳ್ಳ ಇದ್ದಾಗ ಮಾತ್ರ ನೇರವಾಗಿ ನಡೆಯುತ್ತದೆ. ಇಬ್ಬರಿದ್ದರೆ ಆಟವನ್ನು ತಿರುಗಿಸಬೇಕು. ಎಲ್ಲವನ್ನೂ ಆಫ್ ಮಾಡಿ, ಬಟನ್ ನಡೆಯುವ ಸ್ಥಿತಿಯಿಂದ ಶುರು ಮಾಡಿ, ಒಂದೊಂದನ್ನೇ ಆನ್ ಮಾಡುತ್ತಾ ಹೋಗಬೇಕು. ಕೆಡಿಸಿದ್ದು ಸಿಕ್ಕಿದ ತಕ್ಷಣ ಅದನ್ನು ಆಫ್ ಮಾಡಿ ಪಕ್ಕಕ್ಕಿಟ್ಟು ಮುಂದಿನದಕ್ಕೆ ಹೋಗಬೇಕು. ಮೊದಲನೆಯದು ಸಿಕ್ಕಿತು ಅಂತ ಅಲ್ಲೇ ನಿಲ್ಲಬಾರದು.

ಹಾಗೆ ಮಾಡಿದೆ. ಟೈಪಿಂಗ್ ಸರಿ, ಪಿಡಿಎಫ್ ಸರಿ, ಡಾರ್ಕ್ ಮೋಡ್ ಸರಿ, ಕೂಪನ್ ಕೂಡ ಸರಿ. ವಿಡಿಯೋ ಜಾಹೀರಾತು ತೆಗೆಯುವುದನ್ನು ಆನ್ ಮಾಡಿದೆ, ಬಟನ್ ಸತ್ತಿತು. ಅದನ್ನು ಆಫ್ ಮಾಡಿ ಆಡ್ ಬ್ಲಾಕರ್ ಆನ್ ಮಾಡಿದೆ, ಮತ್ತೆ ಸತ್ತಿತು. ವಿಡಿಯೋದ್ದು ಅಕ್ಕನ ಮಗ ಯಾವಾಗಲೋ ಹಾಕಿಕೊಟ್ಟದ್ದು. ಹೆಸರಿಗೆ ವಿಡಿಯೋ, ಆದರೆ ಒಳಗೆ ಅದೂ ಪೂರ್ತಿ ಆಡ್ ಬ್ಲಾಕರೇ. ಎರಡೂ ಒಂದೇ ಫೈಲನ್ನು ತಡೆಯುತ್ತಿದ್ದವು. ಒಂದನ್ನು ಆಫ್ ಮಾಡಿದರೆ ಇನ್ನೊಂದು ಆ ಕೆಲಸ ಮುಂದುವರಿಸುತ್ತಿತ್ತು. ನಿಮ್ಮ ಎಂಟರಲ್ಲೂ ಇಂಥ ಜೋಡಿ ಇದೆಯಾ ನೋಡಿ. ಬ್ಲಾಕರ್ ಅಂತ ಹೆಸರಿಲ್ಲದ ಬ್ಲಾಕರುಗಳು ತುಂಬ ಇವೆ. ಪ್ರೈವಸಿ ಕಾಪಾಡುವುದು, ಪಾಪ್‌ಅಪ್ ತಡೆಯುವುದು, ಕುಕಿ ಕೇಳುವ ಪೆಟ್ಟಿಗೆ ಮುಚ್ಚುವುದು, ಆಂಟಿವೈರಸ್ ಜೊತೆಗೆ ಬಂದು ಕೂತ ‘ಸೇಫ್ ವೆಬ್’ ತರಹದವು, ಇವೆಲ್ಲ ಫೈಲು ತಡೆಯಬಲ್ಲವು.

ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ನಿಗೂ ಬುಕಿಂಗ್ ಬಟನ್ನಿಗೂ ಏನು ಸಂಬಂಧ ಅಂತ ನಿಮಗೆ ಅನಿಸಬಹುದು. ಲ್ಯಾಬಿನ ಪುಟದಲ್ಲಿ ನಾನು F12 ಒತ್ತಿ ‘Console’ ಅನ್ನುವ ಟ್ಯಾಬ್ ತೆರೆದೆ. ರೀಲೋಡ್ ಮಾಡಿ ಬಟನ್ ಒತ್ತಿದಾಗ ಎರಡು ಕೆಂಪು ಸಾಲು ಬಂದವು. ಸೈಟಿನ ಹೆಸರು ಬಿಟ್ಟು ಹೇಳುವುದಾದರೆ ಹೀಗೆ:

```
tracker.js  net::ERR_BLOCKED_BY_CLIENT
Uncaught ReferenceError: trackClick is not defined
```

ಮೊದಲ ಸಾಲಿನಲ್ಲಿರುವ ‘BLOCKED_BY_CLIENT’ ಅನ್ನುವುದೇ ಸುಳಿವು. ಫೈಲನ್ನು ಸರ್ವರ್ ಕೊಡಲಿಲ್ಲ ಅಂತ ಅಲ್ಲ, ನೆಟ್ ಹೋಗಿತ್ತು ಅಂತಲೂ ಅಲ್ಲ. ನಿಮ್ಮ ಕಡೆಯಿಂದಲೇ, ಬ್ರೌಸರಿನೊಳಗೇ ಅದನ್ನು ತಡೆಯಲಾಗಿದೆ ಅಂತ ಅರ್ಥ. ಬಹುತೇಕ ಯಾವಾಗಲೂ ಅದು ಎಕ್ಸ್‌ಟೆನ್ಷನ್ ಕೆಲಸ. ಎರಡನೆಯ ಸಾಲು ಅದರ ಪರಿಣಾಮ. ಪುಟ ಬರೆದವರು ಬಟನ್ನಿಗೆ ಕಟ್ಟಿದ ಕೆಲಸ ಸುಮಾರು ಹೀಗಿತ್ತು:

```
function bookSlot() {
  trackClick('book');
  openPayment();
}
```

ಯಾರು ಬಟನ್ ಒತ್ತಿದರು ಅಂತ ಮೊದಲು ಲೆಕ್ಕ ಬರೆದುಕೊಳ್ಳಿ, ಆಮೇಲೆ ಪೇಮೆಂಟ್ ತೆರೆಯಿರಿ ಅನ್ನುತ್ತದೆ ಇದು. ಲೆಕ್ಕ ಬರೆಯುವ `trackClick` ಇದ್ದದ್ದು ತಡೆಯಲಾದ ಫೈಲಿನಲ್ಲಿ. ಬ್ಲಾಕರ್ ಅದನ್ನು ತಡೆದದ್ದು ತಪ್ಪಲ್ಲ, ಹಿಂಬಾಲಿಸುವ ಫೈಲನ್ನು ತಡೆಯುವುದೇ ಅದರ ಕೆಲಸ. ಆದರೆ ಬ್ರೌಸರ್ ಮೊದಲ ಸಾಲಿನಲ್ಲೇ ಮುಗ್ಗರಿಸಿ ಬಿತ್ತು, ಪೇಮೆಂಟ್ ಸಾಲಿನ ತನಕ ಬರಲೇ ಇಲ್ಲ. ಹೋಟೆಲಿನಲ್ಲಿ ಟೋಕನ್ ಬರೆಯುವವನು ರಜೆ ಹಾಕಿದ್ದಕ್ಕೆ ಒಳಗೆ ದೋಸೆ ಹುಯ್ಯುವವನೂ ಕೈಕಟ್ಟಿ ನಿಂತ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ ಇಲ್ಲಿ ತಪ್ಪು ಜಾಸ್ತಿ ಪುಟ ಬರೆದವರದೇ. ಲೆಕ್ಕ ಬರೆಯಲು ಆಗದಿದ್ದರೂ ಗಿರಾಕಿಯ ಕೆಲಸ ನಿಲ್ಲಬಾರದು. ಪೇಮೆಂಟನ್ನು ಮೊದಲು ಹಾಕಿದ್ದರೆ, ಅಥವಾ `trackClick` ಇದೆಯಾ ಅಂತ ನೋಡಿ ಕರೆದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಒಂದು ಎಚ್ಚರಿಕೆ. ಕನ್ಸೋಲಿನಲ್ಲಿ ‘BLOCKED_BY_CLIENT’ ಸಾಲು ಕಂಡ ಕೂಡಲೇ ಅದೇ ಕಾರಣ ಅಂತ ತೀರ್ಮಾನಿಸಬೇಡಿ. ಬ್ಲಾಕರ್ ಇದ್ದರೆ ಸರಿಯಾಗಿ ನಡೆಯುವ ಪುಟಗಳಲ್ಲೂ ಅಂಥ ಸಾಲು ಹತ್ತಾರು ಇರುತ್ತವೆ. ಬಟನ್ ಒತ್ತಿದ ಆ ಕ್ಷಣಕ್ಕೆ ಹೊಸದಾಗಿ ಬರುವ ಕೆಂಪು ಸಾಲು ಯಾವುದು ಅನ್ನುವುದೇ ಮುಖ್ಯ. ಕೆಲವು ಸಲ ಅದೂ ಬರುವುದಿಲ್ಲ. ಲೆಕ್ಕ ಬರೆದಾಯಿತು ಅಂತ ಉತ್ತರ ಬಂದ ಮೇಲೆ ಮಾತ್ರ ಮುಂದಿನ ಪುಟ ತೆರೆಯುವಂತೆ ಬರೆದಿದ್ದರೆ, ಉತ್ತರ ಬರುವುದೇ ಇಲ್ಲ, ಬಟನ್ ಯಾವ ದೂರೂ ಹೇಳದೆ ಕಾಯುತ್ತಾ ಕೂರುತ್ತದೆ. ಅದಕ್ಕೇ ಆಫ್, ರೀಲೋಡ್ ಪರೀಕ್ಷೆಯನ್ನು ಮೊದಲು ಹೇಳಿದೆ. ಕನ್ಸೋಲ್ ಅದರ ಜೊತೆಗೆ ಸಾಕ್ಷಿ ಮಾತ್ರ.

ಇನ್ನು ನಿಮ್ಮ ದರಪಟ್ಟಿಯ ಬಿಳಿ ಜಾಗ. ಇದು ಬಟನ್ನಿನ ತರಹದ ಸಮಸ್ಯೆ ಅಲ್ಲದಿರಬಹುದು. ಬ್ಲಾಕರುಗಳು ಫೈಲು ತಡೆಯುವುದರ ಜೊತೆಗೆ ಪುಟದಲ್ಲಿ ಜಾಹೀರಾತಿನಂತೆ ಕಾಣುವ ಪೆಟ್ಟಿಗೆಗಳನ್ನು ಬಚ್ಚಿಡುತ್ತವೆ. ಪೆಟ್ಟಿಗೆಯ ಒಳಗೆ ಏನಿದೆ ಅಂತ ಓದಿ ಅಲ್ಲ, ಪುಟ ಬರೆದವರು ಅದಕ್ಕೆ ಇಟ್ಟ ಹೆಸರು ನೋಡಿ. ದರಪಟ್ಟಿಯ ಪೆಟ್ಟಿಗೆಗೆ ಯಾರೋ `side-banner` ಅಂತಲೋ `promo-box` ಅಂತಲೋ ಹೆಸರಿಟ್ಟಿದ್ದರೆ ಬ್ಲಾಕರಿನ ಪಟ್ಟಿಗೆ ಅದೂ ಜಾಹೀರಾತೇ. ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಬಿಳಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ‘Inspect’ ಒತ್ತಿ. ಪುಟದ ಕೋಡ್ ಬರುತ್ತದೆ. ಅದರಲ್ಲಿ Ctrl+F ಒತ್ತಿ ದರಪಟ್ಟಿಯಲ್ಲಿ ಇರಲೇಬೇಕಾದ ಒಂದು ಮಾತನ್ನು ಹುಡುಕಿ, ಉದಾಹರಣೆಗೆ ಪ್ರೈವೇಟ್ ವಿಂಡೋದಲ್ಲಿ ಕಂಡ ಬಾಡಿಗೆಯ ಮೊತ್ತ. ಕೋಡಿನಲ್ಲಿ ಅದು ಇದ್ದು ಪರದೆಯ ಮೇಲೆ ಮಾತ್ರ ಇಲ್ಲ ಅಂದರೆ ಬಚ್ಚಿಡಲಾಗಿದೆ. ಆ ಸಾಲನ್ನೋ ಅದರ ಹೊರಗಿನ ಪೆಟ್ಟಿಗೆಯನ್ನೋ ಒತ್ತಿದಾಗ ಪಕ್ಕದ ‘Styles’ ಭಾಗದಲ್ಲಿ ಹೀಗೆ ಕಾಣಬಹುದು:

```
display: none !important;
```

ಅದರ ಬಲಕ್ಕೆ ‘injected stylesheet’ ಅಂತ ಇದ್ದರೆ ಆ ನಿಯಮ ಸೈಟಿನದಲ್ಲ, ಎಕ್ಸ್‌ಟೆನ್ಷನ್ ಹೊರಗಿನಿಂದ ತಂದು ಹಾಕಿದ್ದು. ಸೈಟಿನದೇ ಫೈಲಿನ ಹೆಸರು ಇದ್ದರೆ ಸೈಟೇ ಬಚ್ಚಿಟ್ಟಿದೆ, ಬೇರೆ ಕಾರಣ ಹುಡುಕಬೇಕು. ಕೋಡಿನಲ್ಲಿ ಮೊತ್ತ ಇಲ್ಲವೇ ಇಲ್ಲ ಅಂದರೆ ಬಚ್ಚಿಟ್ಟದ್ದಲ್ಲ. ದರ ತರುವ ಫೈಲೇ ಬಂದಿಲ್ಲ ಅಂತ, ಅಂದರೆ ಮೇಲಿನ ಬಟನ್ ಕಥೆಯೇ.

ಹೀಗಾಗಿ ನಿಮ್ಮ ಬಟನ್ ಕೆಡಿಸಿದ್ದು ಒಂದು, ದರಪಟ್ಟಿ ನುಂಗಿದ್ದು ಇನ್ನೊಂದು ಆಗಿರುವ ಸಾಧ್ಯತೆಯೂ ಇದೆ. ಪರೀಕ್ಷೆ ಮಾಡುವಾಗ ಪ್ರತಿ ರೀಲೋಡಿಗೆ ಎರಡನ್ನೂ ನೋಡಿ, ಒಂದು ಚೀಟಿಯಲ್ಲಿ ಬೇರೆ ಬೇರೆ ಬರೆದುಕೊಳ್ಳಿ. ದರಪಟ್ಟಿ ಬಂತು ಅಂತ ಖುಷಿಯಲ್ಲಿ ಬಟನ್ ಒತ್ತಿ ನೋಡುವುದನ್ನು ಮರೆತರೆ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ.

ಮೂರನೆಯ ತರಹ ಒಂದಿದೆ, ನಿಮ್ಮದು ಅದಲ್ಲದಿದ್ದರೂ ಹೇಳಿಬಿಡುತ್ತೇನೆ. ಬಟನ್ ಕಣ್ಣಿಗೆ ಕಾಣುತ್ತದೆ, ಆದರೆ ಅದರ ಮೇಲೆ ಮೌಸ್ ತಂದರೆ ಬಾಣ ಕೈಯಾಗುವುದೇ ಇಲ್ಲ. ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘Inspect’ ಒತ್ತಿದರೆ ಕೋಡಿನಲ್ಲಿ ಬಟನ್ ಬದಲು ಬೇರೇನೋ ಆಯ್ಕೆಯಾಗುತ್ತದೆ. ಅಂದರೆ ಬಟನ್ ಮೇಲೆ ಪಾರದರ್ಶಕ ಗಾಜಿನಂತೆ ಏನೋ ಕೂತಿದೆ, ನಿಮ್ಮ ಕ್ಲಿಕ್ ಅದಕ್ಕೆ ತಾಗಿ ಅಲ್ಲೇ ನಿಲ್ಲುತ್ತಿದೆ. ಕೂಪನ್ ತೋರಿಸುವವು, ವ್ಯಾಕರಣ ತಿದ್ದುವವು, ಸ್ಕ್ರೀನ್‌ಶಾಟ್ ತೆಗೆಯುವವು ಹೀಗೆ ಪುಟದೊಳಗೆ ತಮ್ಮದೇ ಪೆಟ್ಟಿಗೆ ಇಡುತ್ತವೆ. ಕೋಡಿನಲ್ಲಿ `chrome-extension://` ಅಂತ ಹುಡುಕಿ. ಸಿಕ್ಕರೆ ಅದರ ಮುಂದೆ 32 ಅಕ್ಷರಗಳ ಒಂದು ಗುರುತು ಇರುತ್ತದೆ. `chrome://extensions` ಪುಟದಲ್ಲಿ ಬಲ ಮೇಲ್ತುದಿಯ ‘Developer mode’ ಆನ್ ಮಾಡಿದರೆ ಪ್ರತಿ ಎಕ್ಸ್‌ಟೆನ್ಷನ್ನಿನ ಕೆಳಗೂ ಅದರ ಗುರುತು ಕಾಣುತ್ತದೆ. ಎರಡೂ ತಾಳೆಯಾದರೆ ಯಾರದು ಆ ಗಾಜು ಅಂತ ಗೊತ್ತಾಯಿತು. ಒಂದು ಸುತ್ತೂ ಅರ್ಧರ್ಧ ಮಾಡಬೇಕಾಗಿಲ್ಲ.

ಕಳ್ಳ ಸಿಕ್ಕ ಮೇಲೆ ಅವನೇ ಹೌದಾ ಅಂತ ಇನ್ನೊಮ್ಮೆ ಕೇಳುವುದು ನನ್ನ ಚಾಳಿ. ಆಗ ಪ್ರೈವೇಟ್ ವಿಂಡೋ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. `chrome://extensions`ನಲ್ಲಿ ಆ ಒಂದು ಎಕ್ಸ್‌ಟೆನ್ಷನ್ನಿನ ‘Details’ ತೆರೆದು ‘Allow in Incognito’ ಆನ್ ಮಾಡಿ. ತೆರೆದಿರುವ ಪ್ರೈವೇಟ್ ವಿಂಡೋಗಳನ್ನೆಲ್ಲ ಮುಚ್ಚಿ ಹೊಸದು ತೆರೆಯಿರಿ. ಎಲ್ಲ ಅಂದರೆ ಎಲ್ಲ, ಯಾಕೆಂದರೆ ಒಂದು ತೆರೆದಿದ್ದರೂ ಅದರ ಕುಕಿ ಹೊಸದಕ್ಕೂ ಸಿಗುತ್ತದೆ. ಮೊದಲು ಅಲ್ಲಿ ಸರಿಯಾಗಿ ನಡೆಯುತ್ತಿದ್ದ ಪುಟ ಈಗ ಕೆಟ್ಟರೆ ಮುಗಿಯಿತು. ಆ ವಿಂಡೋಗೆ ಹೊಸದಾಗಿ ಹೋದದ್ದು ಅದೊಂದೇ. ಆಮೇಲೆ ಆ ಅನುಮತಿಯನ್ನು ಮರೆಯದೆ ಆಫ್ ಮಾಡಿ. ಹಾಗೇ ಬಿಟ್ಟರೆ ಮುಂದಿನ ಸಲ ಪ್ರೈವೇಟ್ ವಿಂಡೋ ನಿಮಗೆ ಸುಳ್ಳು ಹೇಳುತ್ತದೆ. ಎರಡೂ ಕಡೆ ಕೆಟ್ಟಿದೆ, ಹಾಗಾದರೆ ಸೈಟೇ ಕೆಟ್ಟಿದೆ ಅಂತ ನೀವು ಅಂದುಕೊಳ್ಳುತ್ತೀರಿ.

ಇನ್ನು ಸಿಕ್ಕಿದ್ದನ್ನು ಏನು ಮಾಡುವುದು? ತೆಗೆದು ಬಿಸಾಡಬೇಕಾಗಿಲ್ಲ. ಬ್ಲಾಕರ್ ಆಗಿದ್ದರೆ ಹಾಲ್ ಸೈಟ್ ತೆರೆದಿರುವಾಗ ಅದರ ಚಿಹ್ನೆ ಒತ್ತಿ, ಅದರೊಳಗಿನ ಸ್ವಿಚ್‌ನಿಂದ ಆ ಒಂದು ಸೈಟಿಗೆ ಮಾತ್ರ ನಿಲ್ಲಿಸಿ. ಎರಡು ಬ್ಲಾಕರ್ ಇದ್ದರೆ ಎರಡರಲ್ಲೂ ನಿಲ್ಲಿಸಬೇಕು. ಅದರ ಬದಲು ಒಂದನ್ನೇ ಇಟ್ಟುಕೊಳ್ಳಿ ಅಂತ ನನ್ನ ಸಲಹೆ. ಎರಡಿದ್ದರೆ ಎರಡು ಪಟ್ಟು ರಕ್ಷಣೆ ಸಿಗುವುದಿಲ್ಲ, ಹುಡುಕಾಟ ಮಾತ್ರ ಎರಡು ಪಟ್ಟು. ಡಾರ್ಕ್ ಮೋಡ್, ಕೂಪನ್, ವ್ಯಾಕರಣದಂಥವು ಆಗಿದ್ದರೆ ‘Details’ನಲ್ಲಿ ಸೈಟುಗಳ ಅನುಮತಿಯನ್ನು ‘On all sites’ನಿಂದ ‘On click’ಗೆ ಇಳಿಸಿ. ಆಗ ನೀವು ಕರೆದಾಗ ಮಾತ್ರ ಅದು ಪುಟಕ್ಕೆ ಬರುತ್ತದೆ. ಬ್ಲಾಕರುಗಳಿಗೆ ಈ ಉಪಾಯ ಪೂರ್ತಿ ನಡೆಯುವುದಿಲ್ಲ. ಈಗಿನ ಕ್ರೋಮ್‌ನಲ್ಲಿ ಅವು ತಡೆಯಬೇಕಾದ ಫೈಲುಗಳ ಪಟ್ಟಿಯನ್ನು ಬ್ರೌಸರಿಗೇ ಒಪ್ಪಿಸಿರುತ್ತವೆ. ಪುಟವನ್ನು ಮುಟ್ಟುವ ಅನುಮತಿ ಇಲ್ಲದಿದ್ದರೂ ತಡೆಯುವ ಕೆಲಸ ನಡೆಯುತ್ತಲೇ ಇರುತ್ತದೆ. ‘On click’ ಮಾಡಿಯೂ ಬಟನ್ ಸತ್ತೇ ಇದೆ ಅಂತ ತಲೆ ಕೆಡಿಸಿಕೊಳ್ಳುವವರು ಸಿಗುವುದು ಇದಕ್ಕೇ.

ಫೈರ್‌ಫಾಕ್ಸ್ ಬಳಸುವವರಿಗೆ ಒಂದು ಮಾತು. 2019ರಲ್ಲಿ ಬಂದ 67ನೇ ಆವೃತ್ತಿಯಿಂದ ಅಲ್ಲೂ ಹೊಸದಾಗಿ ಹಾಕುವ ಎಕ್ಸ್‌ಟೆನ್ಷನ್‌ಗಳು ಪ್ರೈವೇಟ್ ವಿಂಡೋದಲ್ಲಿ ತಾವಾಗಿ ಓಡುವುದಿಲ್ಲ. ನಮಗೆ ಬೇಕಾದ ‘ಒಂದನ್ನೇ ಬದಲಾಯಿಸುವ’ ಪರೀಕ್ಷೆಯೂ ಅಲ್ಲಿ ಸಿದ್ಧವಾಗಿದೆ. ಮೆನುವಿನ ‘Help’ನಲ್ಲಿ ‘Troubleshoot Mode’ ಅಂತ ಇದೆ. ಕುಕಿ, ಲಾಗಿನ್ ಹಾಗೇ ಇಟ್ಟು ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಮಲಗಿಸಿ ಬ್ರೌಸರ್ ಮತ್ತೆ ಶುರುವಾಗುತ್ತದೆ. ಗ್ರಾಫಿಕ್ಸ್ ವೇಗ ಹೆಚ್ಚಿಸುವ ವ್ಯವಸ್ಥೆಯನ್ನೂ ಅದು ಆಫ್ ಮಾಡುತ್ತದೆ. ಹಾಗಾಗಿ ಪುಟ ಹರಿದಂತೆ, ಮಿನುಗಿದಂತೆ ಕಾಣುತ್ತಿದ್ದದ್ದು ಅಲ್ಲಿ ಸರಿಹೋದರೆ ಎಕ್ಸ್‌ಟೆನ್ಷನ್ನನ್ನು ಬೈಯುವ ಮುಂಚೆ ಗ್ರಾಫಿಕ್ಸ್ ಡ್ರೈವರ್ ನೋಡಿ.

ಪ್ರೈವೇಟ್ ವಿಂಡೋಗೂ ಹಿಡಿಯಲು ಬಾರದ ಕಳ್ಳರಿದ್ದಾರೆ. ಕ್ರೋಮ್‌ನಲ್ಲಿ ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತಿರುಗಿಸುವ ಸೌಲಭ್ಯ ಎಕ್ಸ್‌ಟೆನ್ಷನ್ ಅಲ್ಲ, ಬ್ರೌಸರಿನದೇ ಭಾಗ. ಅದು ಪುಟದ ಮಾತುಗಳನ್ನು ಕಿತ್ತು `<font>` ಅನ್ನುವ ಹೊಸ ತುಂಡುಗಳಲ್ಲಿ ಇಡುತ್ತದೆ. ಈಗಿನ ಎಷ್ಟೋ ಸೈಟುಗಳು ತಾವು ಇಟ್ಟ ಮಾತು ಇಟ್ಟಲ್ಲೇ ಇದೆ ಅಂತ ನಂಬಿ ನಡೆಯುತ್ತವೆ. ಅದು ಜಾಗದಲ್ಲಿ ಇಲ್ಲದಾಗ ದಿನ ಬದಲಿಸಿದ ಕೂಡಲೇ ಪುಟ ಕುಸಿಯುತ್ತದೆ. ಕನ್ಸೋಲಿನಲ್ಲಿ ‘Failed to execute 'removeChild' on 'Node'’ ಅಂತ ಇರುವ ಸಾಲು ಕಂಡರೆ ಮೊದಲು ಅನುವಾದ ನಿಲ್ಲಿಸಿ, ಪುಟವನ್ನು ಮೂಲ ಭಾಷೆಗೆ ತಿರುಗಿಸಿ, ರೀಲೋಡ್ ಮಾಡಿ. ಕನ್ನಡದಲ್ಲಿ ಓದುವವರಿಗೆ ಇದು ಬೇಸರದ ವಿಷಯ, ಆದರೆ ಫಾರ್ಮ್ ತುಂಬುವಷ್ಟು ಹೊತ್ತು ಮೂಲದಲ್ಲೇ ಇರುವುದು ವಾಸಿ.

ಇದರ ತದ್ವಿರುದ್ಧವೂ ಆಗುತ್ತದೆ: ಮಾಮೂಲಿ ವಿಂಡೋದಲ್ಲಿ ಸರಿ, ಪ್ರೈವೇಟ್‌ನಲ್ಲಿ ಕೆಟ್ಟಿದೆ. ಕ್ರೋಮ್‌ನ ಪ್ರೈವೇಟ್ ವಿಂಡೋ ಬೇರೆ ಸೈಟಿನ ಕುಕಿಗಳನ್ನು ತಡೆಯುತ್ತದೆ. ಹಾಲ್ ಪುಟದೊಳಗೇ ಇನ್ನೊಬ್ಬರ ಪೇಮೆಂಟ್ ಪೆಟ್ಟಿಗೆ ತೆರೆಯುವಂತಿದ್ದರೆ ಅದು ಅಲ್ಲಿ ಮುಗ್ಗರಿಸಬಹುದು. ಅಂದರೆ ‘Proceed’ ನಡೆದು ಪೇಮೆಂಟಿನಲ್ಲಿ ನಿಂತರೆ ಎಕ್ಸ್‌ಟೆನ್ಷನ್ ಕಡೆ ಬೆರಳು ತೋರಿಸಬೇಡಿ. ಮಾಮೂಲಿ ವಿಂಡೋಗೆ ಬಂದು ಎಂಟನ್ನೂ ಆಫ್ ಮಾಡಿ ಅಲ್ಲಿಂದಲೇ ಕಟ್ಟಿ.

ಇಷ್ಟೂ ಮಾಡಿ ಯಾವುದೂ ಸಿಗದಿದ್ದರೆ ಮತ್ತೆ ಬರೆಯಿರಿ. ಎಂಟು ಎಕ್ಸ್‌ಟೆನ್ಷನ್‌ಗಳ ಹೆಸರು, ಎಂಟೂ ಆಫ್ ಆಗಿ ರೀಲೋಡ್ ಮಾಡಿದಾಗ ಬಟನ್ ಏನಾಯಿತು, ದರಪಟ್ಟಿ ಏನಾಯಿತು, ಬಟನ್ ಒತ್ತಿದ ಕ್ಷಣಕ್ಕೆ ಕನ್ಸೋಲಿನಲ್ಲಿ ಬಂದ ಕೆಂಪು ಸಾಲು, ಇವಿಷ್ಟು ಕಳಿಸಿ. ಸ್ಕ್ರೀನ್‌ಶಾಟ್ ಕಳಿಸುವುದಾದರೆ ನಿಮ್ಮ ಫೋನ್ ನಂಬರ್, ಬುಕಿಂಗ್ ನಂಬರ್ ಮರೆಮಾಡಿ ಕಳಿಸಿ.